ಚಿತ್ರ ಒಂದು ಹೇಳಲಿ, ಶೀರ್ಷಿಕೆ ಇನ್ನೊಂದು ಹೇಳಲಿ

ಸಂಜೆ ಹೊತ್ತಿನ ಬಸ್ಸು. ಕಿಟಕಿ ಪಕ್ಕ ಕೂತವರ ಕೈಯಲ್ಲಿ ಫೋನು, ಫೋನಿನಲ್ಲಿ ಯೂಟ್ಯೂಬು. ಹೆಬ್ಬೆರಳು ಪರದೆಯನ್ನು ಮೇಲಕ್ಕೆ ಸರಿಸುತ್ತಲೇ ಇದೆ. ಅಡುಗೆ, ರಾಜಕೀಯ, ಜಾತ್ರೆ, ಧಾರಾವಾಹಿಯ ತುಣುಕು, ಅಡಿಕೆ ಧಾರಣೆ, ಮತ್ತೆ ಅಡುಗೆ. ಒಂದು ಚಿತ್ರದ ಮೇಲೆ ದಪ್ಪ ಹಳದಿ ಅಕ್ಷರದಲ್ಲಿ ‘ಮನೆಯಲ್ಲೇ ಮೃದುವಾದ ಇಡ್ಲಿ ಮಾಡುವ ವಿಧಾನ’ ಎಂದು ಬರೆದಿದೆ. ಅದರ ಕೆಳಗಿನ ಶೀರ್ಷಿಕೆಯಲ್ಲೂ ‘ಮನೆಯಲ್ಲೇ ಮೃದುವಾದ ಇಡ್ಲಿ ಮಾಡುವ ವಿಧಾನ’ ಎಂದೇ ಇದೆ. ಬೆರಳು ಮುಂದೆ ಸರಿಯುತ್ತದೆ.

ಮುಂದಿನದೂ ಇಡ್ಲಿಯೇ. ಎರಡು ಹೋಳಾದ ಇಡ್ಲಿ, ಒಳಗೆಲ್ಲ ಗಟ್ಟಿ. ಚಿತ್ರದ ಮೇಲೆ ಎರಡೇ ಎರಡು ಪದ: ‘ಉದ್ದು ಕಾರಣವಲ್ಲ’. ಕೆಳಗೆ ಶೀರ್ಷಿಕೆ: ‘ಇಡ್ಲಿ ಕಲ್ಲಿನಂತೆ ಆಗುವುದೇಕೆ?’ ಬೆರಳು ನಿಲ್ಲುತ್ತದೆ. ಇಡ್ಲಿ ಗಟ್ಟಿಯಾದರೆ ಉದ್ದು ಕಡಿಮೆಯಾಯಿತು ಎಂದೇ ಇಷ್ಟು ವರ್ಷ ನಂಬಿದ್ದವರಿಗೆ ಈಗ ಕಾರಣ ತಿಳಿಯಲೇಬೇಕು.

ಎರಡೂ ವಿಡಿಯೊಗಳ ಒಳಗಿನ ಪಾಠ ಒಂದೇ ಆಗಿರಬಹುದು. ಒಂದು ಅವಕಾಶ ಕಳೆದುಕೊಂಡಿತು, ಇನ್ನೊಂದು ಗಳಿಸಿತು. ಹೊರಗಿನ ಚಿತ್ರಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಅದರ ಮೇಲಿನ ಅಕ್ಷರಗಳಿಗೂ ಕೆಳಗಿನ ಶೀರ್ಷಿಕೆಗೂ ಇರುವ ಸಂಬಂಧದಲ್ಲಿ ಈ ವ್ಯತ್ಯಾಸ ಹುಟ್ಟಿತು. ಆ ಸಂಬಂಧ ಹೇಗೆ ಕೆಲಸ ಮಾಡುತ್ತದೆ, ಯಾಕೆ ಇಷ್ಟು ಸುಲಭವಾಗಿ ಕೆಡುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ.

ಪುನರುಕ್ತಿ ಹುಟ್ಟುವ ಜಾಗ

ಯೂಟ್ಯೂಬ್ 2005ರಲ್ಲಿ ಶುರುವಾದಾಗ ಥಂಬ್‌ನೇಲ್ ವಿನ್ಯಾಸ ಎಂಬ ಕೆಲಸವೇ ಇರಲಿಲ್ಲ. ಹಾಕಿದ ವಿಡಿಯೊದಿಂದ ಯಂತ್ರವೇ ಕೆಲವು ದೃಶ್ಯಗಳನ್ನು ಕಿತ್ತು ಕೊಡುತ್ತಿತ್ತು, ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಬಾಯಿ ಅರ್ಧ ತೆರೆದ, ಕಣ್ಣು ಅರ್ಧ ಮುಚ್ಚಿದ ಮುಖಗಳೇ ಬಹುಪಾಲು. ಆಗ ವಿಷಯ ಹೇಳುವ ಹೊಣೆ ಪೂರ್ತಿ ಶೀರ್ಷಿಕೆಯದಾಗಿತ್ತು. ಬೇಕಾದ ಚಿತ್ರವನ್ನು ತಾವೇ ಮಾಡಿ ಹಾಕುವ ಸೌಲಭ್ಯ ಮೊದಲು ಆಯ್ದ ಚಾನೆಲ್‌ಗಳಿಗೆ, ಆಮೇಲೆ ಫೋನ್ ಸಂಖ್ಯೆ ದೃಢಪಡಿಸಿದ ಎಲ್ಲರಿಗೂ ಸಿಕ್ಕಿತು.

ಚಿತ್ರದ ಮೇಲೆ ಬರೆಯಬಹುದು ಎಂದಾದ ಕೂಡಲೇ ಏನು ಬರೆಯಬೇಕು ಎಂಬ ಪ್ರಶ್ನೆ ಎದ್ದಿತು. ಅತಿ ಹತ್ತಿರದ ಉತ್ತರ ಶೀರ್ಷಿಕೆಯೇ. ಇಂದಿಗೂ ಹೆಚ್ಚಿನ ಕಡೆ ಕೆಲಸ ನಡೆಯುವ ರೀತಿ ನೋಡಿದರೆ ಪುನರುಕ್ತಿ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. ಮಾತಾಡುವವರು ಒಬ್ಬರು, ಎಡಿಟ್ ಮಾಡುವವರು ಇನ್ನೊಬ್ಬರು. ಎಡಿಟರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಶೀರ್ಷಿಕೆ ಬರುತ್ತದೆ, ಜೊತೆಗೆ ‘ಒಂದು ಥಂಬ್‌ನೇಲ್ ಮಾಡಿಬಿಡಿ’ ಎಂಬ ಮಾತು. ಅವರ ಕೈಯಲ್ಲಿರುವುದು ಆ ಒಂದು ಸಾಲು ಮಾತ್ರ. ಅದನ್ನೇ ದೊಡ್ಡದಾಗಿ ಬರೆದು, ಅಂಚಿಗೆ ಕಪ್ಪು ಗೆರೆ ಕಟ್ಟಿ ಕಳಿಸುತ್ತಾರೆ. ಒಬ್ಬರೇ ಎಲ್ಲ ಮಾಡುವ ಚಾನೆಲ್‌ಗಳಲ್ಲೂ ಸ್ಥಿತಿ ಬೇರೆಯಲ್ಲ. ರಾತ್ರಿ ಹನ್ನೊಂದಕ್ಕೆ ವಿಡಿಯೊ ಮುಗಿದಾಗ ಉಳಿದಿರುವುದು ಒಂದೇ ಯೋಚನೆ, ಅದೇ ಎರಡೂ ಕಡೆ ಇಳಿಯುತ್ತದೆ.

ಈ ತೊಡಕು ಯೂಟ್ಯೂಬಿಗಿಂತ ತುಂಬ ಹಳೆಯದು. ಅದನ್ನು ಬಿಡಿಸಿದ ಒಂದು ಪ್ರಸಿದ್ಧ ಉದಾಹರಣೆ ಅಮೆರಿಕದ ಜಾಹೀರಾತು ಲೋಕದಲ್ಲಿದೆ.

ಚೊಕ್ಕ ಕಾರು, ಕೆಟ್ಟ ಮಾತು

ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಎಂಬ ಜಾಹೀರಾತು ಸಂಸ್ಥೆ 1959ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರಿನ ಪ್ರಚಾರ ಕೈಗೆತ್ತಿಕೊಂಡಿತು. ಅದರ ಮುಖ್ಯಸ್ಥರಲ್ಲಿ ಒಬ್ಬರಾದ ಬಿಲ್ ಬರ್ನ್‌ಬಾಕ್ ಒಂದು ಪದ್ಧತಿ ಬದಲಿಸಿದ್ದರು. ಅಲ್ಲಿಯವರೆಗೆ ಬರಹಗಾರರು ಸಾಲು ಬರೆದು ಚಿತ್ರ ವಿಭಾಗಕ್ಕೆ ಕಳಿಸುತ್ತಿದ್ದರು, ಅಲ್ಲಿ ಅದಕ್ಕೆ ಚಿತ್ರ ಹೊಂದಿಸುತ್ತಿದ್ದರು. ಬರ್ನ್‌ಬಾಕ್ ಬರಹಗಾರನನ್ನೂ ಕಲಾವಿದನನ್ನೂ ಒಟ್ಟಿಗೆ ಕೂರಿಸಿ ಕೆಲಸ ಮಾಡಿಸಿದರು.

ಅಲ್ಲಿಂದ ಬಂದ ಒಂದು ಜಾಹೀರಾತಿನಲ್ಲಿ ಇದ್ದದ್ದು ಹೊಳೆಯುವ, ಯಾವ ಕುಂದೂ ಕಾಣದ ಕಾರಿನ ಕಪ್ಪುಬಿಳುಪು ಚಿತ್ರ. ಅದರ ಕೆಳಗೆ ಒಂದೇ ಪದ: ‘ಲೆಮನ್’. ಕೊಂಡ ಮೇಲೆ ಸದಾ ಕೈಕೊಡುವ ಕೆಟ್ಟ ಗಾಡಿಯನ್ನು ಅಮೆರಿಕನ್ನರು ಹಾಗೆ ಬೈಯುತ್ತಾರೆ. ಕಾರು ತಯಾರಿಸಿದವರೇ ತಮ್ಮ ಚೊಕ್ಕ ಕಾರನ್ನು ಕೆಟ್ಟದ್ದು ಎನ್ನುತ್ತಿದ್ದಾರಲ್ಲ ಎಂದು ಓದುಗರು ತಡೆದು ನಿಂತರು. ಕೆಳಗಿನ ಸಣ್ಣ ಅಕ್ಷರಗಳಲ್ಲಿ ಉತ್ತರವಿತ್ತು. ಡ್ಯಾಶ್‌ಬೋರ್ಡಿನ ಖಾನೆಯ ಮೇಲಿನ ಲೋಹದ ಪಟ್ಟಿಯಲ್ಲಿ ಕಲೆಯಿದ್ದುದಕ್ಕೇ ಪರೀಕ್ಷಕರು ಆ ಕಾರನ್ನು ತಿರಸ್ಕರಿಸಿದ್ದರು. ಇಷ್ಟು ಕಟ್ಟುನಿಟ್ಟಾಗಿ ನೋಡುವ ಕಂಪನಿಯ ಕಾರು ನಂಬಬಹುದಾದದ್ದು ಎಂಬ ತೀರ್ಮಾನಕ್ಕೆ ಓದುಗರು ತಾವೇ ಬಂದರು.

ಅಲ್ಲಿ ಕಾರಿನ ಚಿತ್ರದ ಕೆಳಗೆ ‘ಅತ್ಯುತ್ತಮ ಕಾರು’ ಎಂದು ಬರೆದಿದ್ದರೆ ಚಿತ್ರ ತೋರಿಸಿದ್ದನ್ನೇ ಪದ ಹೇಳಿದಂತಾಗುತ್ತಿತ್ತು, ಓದುಗರಿಗೆ ಮಾಡಲು ಕೆಲಸ ಉಳಿಯುತ್ತಿರಲಿಲ್ಲ. ಕಾಮಿಕ್ಸ್ ಕಲೆಯ ಬಗ್ಗೆ ಬರೆದ ಸ್ಕಾಟ್ ಮೆಕ್ಲೌಡ್ 1993ರ ತಮ್ಮ ಪುಸ್ತಕದಲ್ಲಿ ಪದ ಮತ್ತು ಚಿತ್ರ ಸೇರುವ ಹಲವು ಬಗೆಗಳನ್ನು ವಿಂಗಡಿಸಿದ್ದಾರೆ. ಎರಡೂ ಒಂದೇ ಸಂದೇಶ ಕೊಡುವುದು ಅದರಲ್ಲಿ ಒಂದು ಬಗೆ. ಎರಡೂ ಸೇರಿದರೆ ಮಾತ್ರ ಅರ್ಥ ಹುಟ್ಟುವುದು, ಬಿಡಿಬಿಡಿಯಾಗಿ ಯಾವುದಕ್ಕೂ ಆ ಅರ್ಥವನ್ನು ಹೊರಲಾಗದಿರುವುದು ಇನ್ನೊಂದು. ಥಂಬ್‌ನೇಲ್ ಮತ್ತು ಶೀರ್ಷಿಕೆ ತಲುಪಬೇಕಾದದ್ದು ಈ ಎರಡನೆಯದನ್ನು.

ಕುತೂಹಲ ನಿಲ್ಲಲು ನೆಲ ಬೇಕು

ಹಾಗಾದರೆ ವಿಷಯವನ್ನು ಮುಚ್ಚಿಟ್ಟರೆ ಸಾಕಲ್ಲವೇ, ಜನ ತಾವಾಗಿ ಒತ್ತುತ್ತಾರಲ್ಲ ಎಂದು ಅನೇಕರು ಭಾವಿಸುತ್ತಾರೆ. ಅದರ ಫಲವಾಗಿ ಚಿತ್ರದ ಮೇಲೆ ‘ಅಯ್ಯೋ ದೇವರೇ!’, ಕೆಳಗೆ ‘ಈ ತಪ್ಪು ಯಾವತ್ತೂ ಮಾಡಬೇಡಿ’ ಎಂಬಂಥವು ಬರುತ್ತವೆ. ಇಲ್ಲಿ ಪದಗಳೇನೋ ಬೇರೆಬೇರೆ. ಆದರೆ ಎರಡೂ ಖಾಲಿ. ಯಾವ ತಪ್ಪು, ಯಾರಿಗೆ ಸಂಬಂಧಿಸಿದ್ದು, ಅಡುಗೆಯದೋ ಬ್ಯಾಂಕಿನದೋ ಏನೂ ತಿಳಿಯದು.

ಅರ್ಥಶಾಸ್ತ್ರ ಮತ್ತು ಮನಶ್ಶಾಸ್ತ್ರ ಎರಡರಲ್ಲೂ ಕೆಲಸ ಮಾಡಿದ ಅಮೆರಿಕದ ಪ್ರಾಧ್ಯಾಪಕ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಕುತೂಹಲದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ನಮಗೆ ಗೊತ್ತಿರುವುದಕ್ಕೂ ನಾವು ತಿಳಿಯಬಯಸುವುದಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ ಎಂಬುದು ಅದರ ತಿರುಳು. ಅಂತರ ಕಾಣಬೇಕಾದರೆ ಈಚೆಯ ದಡ ಮೊದಲು ಕಾಣಬೇಕು. ಏನೂ ಗೊತ್ತಿಲ್ಲದ ವಿಷಯದ ಬಗ್ಗೆ ನಮಗೆ ಕುತೂಹಲವೂ ಇರುವುದಿಲ್ಲ.

ಯೂಟ್ಯೂಬಿನ ಎರಡು ಜಾಗಗಳನ್ನು ಈ ಬೆಳಕಿನಲ್ಲಿ ನೋಡಿದರೆ ಕೆಲಸದ ಹಂಚಿಕೆ ಸ್ಪಷ್ಟವಾಗುತ್ತದೆ. ಒಂದು ಕಡೆ ನಿಂತುಕೊಳ್ಳಲು ನೆಲ ಇರಬೇಕು: ಇದು ಯಾವುದರ ಬಗ್ಗೆ, ನನಗೆ ಸಂಬಂಧಿಸಿದ್ದೇ ಎಂಬುದು. ಇನ್ನೊಂದು ಕಡೆ ಆ ನೆಲದಲ್ಲಿ ಬಿಟ್ಟ ಬಿರುಕು ಇರಬೇಕು: ಗೊತ್ತಿದ್ದುದಕ್ಕೆ ಒಗ್ಗದ ಒಂದು ಸಂಗತಿ, ಒಂದು ಪರಿಣಾಮ, ಒಂದು ಎಚ್ಚರಿಕೆ. ಒಂದೇ ಸಾಲನ್ನು ಎರಡು ಸಲ ಬರೆದರೆ ನೆಲ ಮಾತ್ರ ಸಿಗುತ್ತದೆ. ಎರಡನ್ನೂ ಮುಚ್ಚಿಟ್ಟರೆ ಬಿರುಕು ಮಾತ್ರ ಉಳಿಯುತ್ತದೆ, ಅದನ್ನು ನೋಡಲು ನಿಲ್ಲುವ ಜಾಗವಿಲ್ಲ.

ಇಷ್ಟನ್ನು ಒಂದು ನಿಜವಾದ ವಿಷಯದ ಮೇಲೆ ಹಚ್ಚಿ ನೋಡಬೇಕು.

ಮೈಲುತುತ್ತು, ಸುಣ್ಣ ಮತ್ತು ಒಂದು ಚಾಕು

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲ ಹಿಡಿಯುವ ಮುನ್ನ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾರೆ. ಆ ಔಷಧಿಯೇ ಬೋರ್ಡೋ ದ್ರಾವಣ. ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆಯಾಗಿ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಸುಣ್ಣ ಹಳತಾಗಿದ್ದರೆ ತೂಕ ಸರಿಯಿದ್ದರೂ ಹದ ತಪ್ಪುತ್ತದೆ. ಅದನ್ನು ಪರೀಕ್ಷಿಸಲು ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿನ ಮೇಲೆ ಕೆಂಪುಮಿಶ್ರಿತ ಕಂದು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಆಗ ಮತ್ತಷ್ಟು ಸುಣ್ಣದ ನೀರು ಬೆರೆಸಬೇಕು. ಹಾಗೆಯೇ ಹೊಡೆದರೆ ಗಿಡಕ್ಕೇ ಪೆಟ್ಟು.

ಅನುಭವಿ ಕೃಷಿಕರೊಬ್ಬರು ಇಷ್ಟನ್ನೂ ಹತ್ತು ನಿಮಿಷದ ವಿಡಿಯೊದಲ್ಲಿ ತೋರಿಸಿದ್ದಾರೆ ಎಂದುಕೊಳ್ಳೋಣ. ಮೊದಲ ಕರಡು ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಶೀರ್ಷಿಕೆ: ‘ಬೋರ್ಡೋ ದ್ರಾವಣ ತಯಾರಿಸುವ ಸರಿಯಾದ ವಿಧಾನ’. ಥಂಬ್‌ನೇಲ್‌ನಲ್ಲಿ ನೀಲಿ ಡ್ರಮ್ಮು, ಅಡಿಕೆ ಮರ, ಮಾತಾಡುವವರ ಮುಖ, ಮೇಲೆ ಅದೇ ಸಾಲು. ಇದು ತಪ್ಪು ಮಾಹಿತಿಯಲ್ಲ. ಆದರೆ ಅಡಿಕೆ ಬೆಳೆಯುವವರಲ್ಲಿ ಹೆಚ್ಚಿನವರು ಈ ದ್ರಾವಣವನ್ನು ಪ್ರತಿ ವರ್ಷ ಮಾಡುತ್ತಲೇ ಇದ್ದಾರೆ, ತಮ್ಮದು ಸರಿಯಾದ ವಿಧಾನವೇ ಎಂದು ನಂಬಿದ್ದಾರೆ. ಈ ಸಾಲು ಅವರನ್ನು ತಡೆಯುವುದಿಲ್ಲ.

ಎರಡನೇ ಕರಡು ಬರೆಯುವ ಮುನ್ನ ವಿಡಿಯೊದೊಳಗೆ ಹೋಗಿ ಒಂದು ದೃಶ್ಯ ಹುಡುಕಬೇಕು: ಪದಗಳಲ್ಲಿ ಹೇಳಲು ನಾಲ್ಕು ಸಾಲು ಬೇಕಾಗುವ, ಕಣ್ಣಿಗೆ ಒಂದೇ ಕ್ಷಣ ಸಾಕಾಗುವ ದೃಶ್ಯ. ಇಲ್ಲಿ ಅದು ಚಾಕು. ಅಲಗನ್ನು ಹತ್ತಿರದಿಂದ ತೆಗೆದ ಚಿತ್ರ, ಅರ್ಧ ಬೆಳ್ಳಗೆ, ಅರ್ಧ ಕೆಂಪುಗಂದು. ಡ್ರಮ್ಮು ಬೇಡ, ಮರ ಬೇಡ. ಅದರ ಮೇಲೆ ಮೂರು ಪದ: ‘ಇದು ಕಂಡ್ರೆ ಹೊಡೀಬೇಡಿ’. ಕೆಳಗಿನ ಶೀರ್ಷಿಕೆ: ‘ಅಡಿಕೆಗೆ ಬೋರ್ಡೋ ದ್ರಾವಣ: ಹದ ಸರಿಯಿದೆಯೇ ತಿಳಿಯುವುದು ಹೇಗೆ?’

ಈಗ ಮೂರು ಭಾಗಗಳು ಮೂರು ಕೆಲಸ ಮಾಡುತ್ತಿವೆ. ಚಾಕುವಿನ ಕಲೆ ಒಂದು ಸಾಕ್ಷಿ. ಮೇಲಿನ ಪದಗಳು ಆ ಸಾಕ್ಷಿಯ ಪರಿಣಾಮ. ಯಾವ ಬೆಳೆ, ಯಾವ ಔಷಧಿ, ಯಾವ ಪ್ರಶ್ನೆ ಎಂಬುದು ಶೀರ್ಷಿಕೆಯಲ್ಲಿದೆ. ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ ಚಿತ್ರ ಮಾತ್ರ ನೋಡಿದರೆ ‘ಏನನ್ನು ಹೊಡೀಬಾರದು?’ ಎಂದು ಕೇಳುತ್ತೀರಿ. ಚಿತ್ರವನ್ನು ಮುಚ್ಚಿ ಶೀರ್ಷಿಕೆ ಮಾತ್ರ ಓದಿದರೆ ‘ಹೇಗೆ ತಿಳಿಯುವುದು?’ ಎಂಬ ಪ್ರಶ್ನೆ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗ ಚಾಕುವಿಗೂ ಹದಕ್ಕೂ ಏನೋ ಸಂಬಂಧವಿದೆ ಎಂದು ಹೊಳೆಯುತ್ತದೆ, ಕಳೆದ ವರ್ಷ ತಾವು ಹೊಡೆದ ಔಷಧಿಯ ಬಗ್ಗೆ ಒಂದು ಅನುಮಾನ ಮೂಡುತ್ತದೆ. ಹೀಗೆ ಒಂದನ್ನು ಮುಚ್ಚಿ ಇನ್ನೊಂದನ್ನು ಓದುವುದೇ ಈ ಕೆಲಸದ ಅತಿ ಸರಳ, ಅತಿ ನಂಬಿಗಸ್ತ ಪರೀಕ್ಷೆ. ಯಾವುದನ್ನು ಮುಚ್ಚಿದರೂ ಅರ್ಥ ಒಂದಿಷ್ಟೂ ಕಡಿಮೆಯಾಗದಿದ್ದರೆ ಅಲ್ಲಿ ಪುನರುಕ್ತಿಯಿದೆ.

ಒಂದು ಸೂಕ್ಷ್ಮವನ್ನು ಗಮನಿಸಿ. ಪದಗಳನ್ನು ಬದಲಿಸಿದ ಮಾತ್ರಕ್ಕೆ ಪುನರುಕ್ತಿ ಹೋಗುವುದಿಲ್ಲ. ಮೇಲೆ ‘ಬೋರ್ಡೋ ಮಾಡೋದು ಹೇಗೆ?’ ಎಂದು ಬರೆದು ಕೆಳಗೆ ‘ಬೋರ್ಡೋ ದ್ರಾವಣ ತಯಾರಿಸುವ ವಿಧಾನ’ ಎಂದರೆ ಹೆಚ್ಚಿನ ಪದಗಳು ಬೇರೆ, ಅರ್ಥ ಅದೇ. ಚಿತ್ರದಲ್ಲಿ ಡ್ರಮ್ಮೂ ಸುಣ್ಣವೂ ಇದ್ದರೆ ಅದೇ ಮಾತು ಮೂರನೇ ಸಲ ಬಂದಂತಾಯಿತು. ನಾವು ನೋಡಬೇಕಾದದ್ದು ಪ್ರತಿಯೊಂದೂ ಹೊಸದಾಗಿ ಏನು ತಂದಿತು ಎಂಬುದನ್ನು.

ಹೆಸರು ಕೆಳಗೇ ಇರಲಿ

ಕೆಲಸ ಹಂಚುವಾಗ ವಿಷಯದ ಹೆಸರು ಚಿತ್ರದ ಮೇಲಿರಬೇಕೇ, ಶೀರ್ಷಿಕೆಯಲ್ಲಿರಬೇಕೇ ಎಂಬ ಪ್ರಶ್ನೆ ಬರುತ್ತದೆ. ಹೆಚ್ಚಿನ ಸಲ ಉತ್ತರ ಶೀರ್ಷಿಕೆಯೇ. ಜನ ಹುಡುಕುವಾಗ ಟೈಪ್ ಮಾಡುವುದು ಅಡಿಕೆ, ಬೋರ್ಡೋ, ಕೊಳೆರೋಗ ಎಂಬ ಪದಗಳನ್ನು, ಅವು ಶೀರ್ಷಿಕೆಯಲ್ಲಿದ್ದರೆ ಹುಡುಕಾಟಕ್ಕೆ ಸಿಗುತ್ತವೆ. ಕಣ್ಣು ಕಾಣದವರು ಫೋನಿನ ಧ್ವನಿಯ ನೆರವಿನಿಂದ ಯೂಟ್ಯೂಬ್ ಬಳಸುವಾಗ ಅವರಿಗೆ ಓದಿ ಹೇಳುವುದೂ ಶೀರ್ಷಿಕೆಯನ್ನೇ. ಚಿತ್ರದೊಳಗೆ ಬರೆದ ಪದಗಳು ಅವರಿಗೆ ಇಲ್ಲವೇ ಇಲ್ಲ ಎಂದರೂ ಸರಿ. ಆದ್ದರಿಂದ ವಿಷಯದ ಹೆಸರನ್ನು ಥಂಬ್‌ನೇಲ್‌ನಲ್ಲಿ ಮಾತ್ರ ಬರೆದು ಶೀರ್ಷಿಕೆಯಲ್ಲಿ ಬಿಡುವುದು ಒಂದು ವರ್ಗದ ವೀಕ್ಷಕರ ಮುಖಕ್ಕೆ ಬಾಗಿಲು ಹಾಕಿದಂತೆ.

ಶೀರ್ಷಿಕೆಗೆ ಗರಿಷ್ಠ 100 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಬರೆಯುವವರಿಗೆ ಈ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. ‘ಬೋರ್ಡೋ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಕೊಡುವ ಸಂಕೇತ ಎಲ್ಲವನ್ನೂ ಬೇರೆಬೇರೆ ಎಣಿಸಲಾಗುತ್ತದೆ. ಮಿತಿಯೊಳಗಿದ್ದರೂ ಫೋನಿನಲ್ಲಿ ಎರಡು ಸಾಲಿನ ಆಚೆಗೆ ಶೀರ್ಷಿಕೆ ತುಂಡಾಗಿ ಚುಕ್ಕಿಗಳಾಗುತ್ತದೆ. ಹಾಗಾಗಿ ವಿಷಯದ ಹೆಸರು ಮೊದಲ ನಾಲ್ಕೈದು ಪದಗಳೊಳಗೆ ಬಂದುಬಿಡಬೇಕು. ಚಾನೆಲ್ಲಿನ ಹೆಸರು, ಸಂಚಿಕೆಯ ಸಂಖ್ಯೆ ಕೊನೆಗೆ ಹೋಗಲಿ. ಚಾನೆಲ್ಲಿನ ಹೆಸರು ಹೇಗೂ ಶೀರ್ಷಿಕೆಯ ಬಳಿಯೇ ಕಾಣುತ್ತಿರುತ್ತದೆ, ಅದನ್ನು ಮತ್ತೆ ಬರೆಯುವುದೂ ಪುನರುಕ್ತಿಯೇ.

ಇಲ್ಲಿ ಕನ್ನಡ ಚಾನೆಲ್‌ಗಳ ಒಂದು ರೂಢಿಯ ಬಗ್ಗೆ ಹೇಳಬೇಕು. ಚಿತ್ರದ ಮೇಲೆ ಕನ್ನಡದಲ್ಲಿ ಬರೆದದ್ದನ್ನೇ ಶೀರ್ಷಿಕೆಯಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವವರು ಬಹಳ ಮಂದಿ ಇರುವುದರಿಂದ ಈ ರೂಢಿಗೆ ಕಾರಣವಿದೆ. ಆದರೆ ಅದಕ್ಕೆ ಬೆಳೆ ಮತ್ತು ಔಷಧಿಯ ಹೆಸರಷ್ಟೇ ಇಂಗ್ಲಿಷ್ ಲಿಪಿಯಲ್ಲಿ ಕೊನೆಗೆ ಇದ್ದರೆ ಸಾಕು. ಇಡೀ ವಾಕ್ಯವನ್ನು ಲಿಪಿ ಬದಲಿಸಿ ಮತ್ತೆ ಬರೆದರೆ ಎರಡೂ ಲಿಪಿ ಓದಬಲ್ಲವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಫೋನ್ ಬಳಸುವವರಿಗೆ, ಹೊಸದೇನೂ ಸಿಗುವುದಿಲ್ಲ.

ಒತ್ತಕ್ಷರಕ್ಕೆ ಉಸಿರಾಡಲು ಜಾಗ

ಥಂಬ್‌ನೇಲ್ ಮೇಲಿನ ಪದಗಳನ್ನು ಚಿಕ್ಕದಾಗಿಡಿ, ಮೂರು ನಾಲ್ಕು ಪದ ಸಾಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಸಲಹೆ ಅದು. ಅವೆಲ್ಲ ಒಂದೇ ಎತ್ತರ, ಮೇಲೆ ಕೆಳಗೆ ಏನೂ ಚಾಚುವುದಿಲ್ಲ. ಕನ್ನಡದಲ್ಲಿ ಗುಣಿತದ ಚಿಹ್ನೆ ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ವಿಭಕ್ತಿ ಪ್ರತ್ಯಯಗಳೆಲ್ಲ ಸೇರಿ ನಮ್ಮ ಒಂದೊಂದು ಪದವೂ ಉದ್ದ. ಹಾಗಾಗಿ ನಾವು ಎಣಿಸಬೇಕಾದದ್ದು ಪದಗಳನ್ನಲ್ಲ, ಅಕ್ಷರಗಳನ್ನು ಮತ್ತು ಒತ್ತುಗಳನ್ನು.

‘ಇದು ಕಂಡ್ರೆ ಹೊಡೀಬೇಡಿ’ ಎಂಬಲ್ಲಿ ಒಂದೇ ಒಂದು ಒತ್ತು ಇದೆ. ಅದನ್ನೇ ‘ಈ ಲಕ್ಷಣ ಗೋಚರಿಸಿದಲ್ಲಿ ಸಿಂಪಡಿಸಕೂಡದು’ ಎಂದು ಬರೆದಿದ್ದರೆ ಎರಡು ಸಾಲು ತುಂಬಿ ಚಾಕುವಿಗೇ ಜಾಗ ಇರುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಒಂದು ವಾಕ್ಯವಾಗಬಲ್ಲದು ಎಂಬುದು ಇಲ್ಲಿ ದೊಡ್ಡ ಅನುಕೂಲ. ‘ಕೊಳೀತು’, ‘ಸಾಕಾಗಲ್ಲ’, ‘ಬಿಡಬೇಡಿ’ ಎಂಬ ಒಂದೊಂದು ಪದವೂ ಪೂರ್ತಿ ಮಾತು. ಆಡುಮಾತು ಥಂಬ್‌ನೇಲ್‌ಗೆ, ಬರಹದ ಭಾಷೆ ಶೀರ್ಷಿಕೆಗೆ ಎಂದು ಇಟ್ಟುಕೊಂಡರೆ ಪುನರುಕ್ತಿಯ ಅಪಾಯ ತಾನಾಗಿ ತಗ್ಗುತ್ತದೆ. ಧಾರವಾಡ ಕಡೆಯ ಚಾನೆಲ್ಲಾದರೆ ‘ಹೊಡಿಬ್ಯಾಡ್ರಿ’ ಎಂದೇ ಬರೆಯಬಹುದು. ಮುಖದ ಪಕ್ಕದಲ್ಲಿ ಆ ಮುಖ ನಿಜಕ್ಕೂ ಆಡುವ ಮಾತು ಇದ್ದರೆ ಚೆಂದ.

ಥಂಬ್‌ನೇಲ್ ಮಾಡುವುದು 1280ಕ್ಕೆ 720 ಪಿಕ್ಸೆಲ್ ಅಳತೆಯಲ್ಲಿ, ದೊಡ್ಡ ಪರದೆಯ ಮೇಲೆ. ನೋಡುವುದು ಅಂಗೈಯಗಲದ ಜಾಗದಲ್ಲಿ, ಕೆಲವೊಮ್ಮೆ ಇನ್ನೂ ಚಿಕ್ಕದಾಗಿ. ಮಾಡಿ ಮುಗಿಸಿದ ಚಿತ್ರವನ್ನು ಫೋನಿಗೆ ಕಳಿಸಿಕೊಂಡು, ಗ್ಯಾಲರಿಯ ಚಿಕ್ಕ ಚೌಕದಲ್ಲಿ ಒತ್ತಕ್ಷರ ಓದಲು ಬರುತ್ತದೆಯೇ ನೋಡಬೇಕು. ಬಲಗಡೆಯ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ಮೂಡುತ್ತದೆ, ಅಲ್ಲಿ ಬರೆದ ಪದ ಮುಚ್ಚಿಹೋಗುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಬಿಡಿಯಾಗಿ ನಿಲ್ಲುವುದೂ ಉಂಟು. ಅಂಥ ತಪ್ಪಕ್ಷರ ಕಂಡರೆ ಒಳಗಿನ ಮಾಹಿತಿಯ ಮೇಲೂ ನಂಬಿಕೆ ಕಡಿಮೆಯಾಗುತ್ತದೆ.

ಬಿರುಕು ದೊಡ್ಡದಾದರೆ ವಂಚನೆ

ಒಂದು ಕಾಲಕ್ಕೆ ಯೂಟ್ಯೂಬ್ ಯಾವ ವಿಡಿಯೊವನ್ನು ಮುಂದಕ್ಕೆ ತಳ್ಳಬೇಕು ಎಂಬುದನ್ನು ಮುಖ್ಯವಾಗಿ ಎಷ್ಟು ಜನ ಒತ್ತಿದರು ಎಂಬುದರಿಂದ ನಿರ್ಧರಿಸುತ್ತಿತ್ತು. ಅದರಿಂದ ಸುಳ್ಳು ಚಿತ್ರ, ಸುಳ್ಳು ಶೀರ್ಷಿಕೆಗಳಿಗೆ ಬಹುಮಾನ ಸಿಕ್ಕಿತು. 2012ರಲ್ಲಿ ಅದು ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಡಲು ಶುರುಮಾಡಿತು. ಒತ್ತಿದ ಮೇಲೆ ಹತ್ತು ಸೆಕೆಂಡಿಗೆ ಹಿಂದಿರುಗಿದವರು ಅಂದಿನಿಂದ ಲಾಭಕ್ಕಿಂತ ನಷ್ಟ.

2024ರ ಡಿಸೆಂಬರಿನಲ್ಲಿ ಭಾರತಕ್ಕೆಂದೇ ಇನ್ನೊಂದು ಘೋಷಣೆ ಬಂತು. ಶೀರ್ಷಿಕೆಯೋ ಥಂಬ್‌ನೇಲೋ ಕೊಟ್ಟ ಮಾತನ್ನು ವಿಡಿಯೊ ಉಳಿಸಿಕೊಳ್ಳದಿದ್ದರೆ, ವಿಶೇಷವಾಗಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ವಿಷಯದಲ್ಲಿ, ಅಂಥವನ್ನು ತೆಗೆದುಹಾಕುವ ಕ್ರಮ ಬಿಗಿಗೊಳಿಸುವುದಾಗಿ ಯೂಟ್ಯೂಬ್ ಹೇಳಿತು. ರಾಷ್ಟ್ರಪತಿ ರಾಜೀನಾಮೆ ನೀಡಿದರೆಂದು ಶೀರ್ಷಿಕೆ ಕೊಟ್ಟು ಒಳಗೆ ಅದರ ಮಾತೇ ಎತ್ತದ ವಿಡಿಯೊ ಅವರು ಕೊಟ್ಟ ಉದಾಹರಣೆಯ ಬಗೆ.

ನಮ್ಮ ಚಾಕುವಿನ ವಿಡಿಯೊಗೂ ಇದು ಅನ್ವಯಿಸುತ್ತದೆ. ‘ಇದು ಕಂಡ್ರೆ ಹೊಡೀಬೇಡಿ’ ಎಂಬುದು ನಿಜ. ‘ತೋಟ ಸರ್ವನಾಶ!’ ಎಂದು ಬರೆದರೆ ಸುಳ್ಳು. ಎರಡಕ್ಕೂ ಬೆರಳು ನಿಲ್ಲಬಹುದು. ಎರಡನೆಯದನ್ನು ನಂಬಿ ಬಂದ ರೈತ, ಸುಣ್ಣದ ನೀರು ಇನ್ನಷ್ಟು ಹಾಕಿದರೆ ಸಾಕು ಎಂಬ ಉತ್ತರ ಕೇಳಿ, ತನ್ನನ್ನು ಹೆದರಿಸಿ ಕರೆದರು ಎಂದು ತಿಳಿಯುತ್ತಾನೆ. ಮುಂದಿನ ಸಲ ಅದೇ ಚಾನೆಲ್ ನಿಜವಾದ ಅಪಾಯದ ಬಗ್ಗೆ ಹೇಳಿದಾಗ ಅವನು ನಂಬಲಾರ. ಕೃಷಿ, ಆರೋಗ್ಯ, ಹಣದ ವಿಷಯದಲ್ಲಿ ಈ ನಷ್ಟ ಚಾನೆಲ್ಲಿಗಿಂತ ನೋಡುವವರಿಗೇ ಹೆಚ್ಚು.

ಆದ್ದರಿಂದ ಥಂಬ್‌ನೇಲ್‌ನಲ್ಲಿ ತೋರಿಸಿದ ಚಾಕು ವಿಡಿಯೊದ ಮೊದಲ ಅರ್ಧ ನಿಮಿಷದಲ್ಲೇ ಕಾಣಿಸಿಕೊಳ್ಳಬೇಕು. ಪೂರ್ತಿ ವಿವರಣೆ ಆಮೇಲೆ ಬರಲಿ. ಬಂದವರಿಗೆ ತಾವು ಸರಿಯಾದ ಜಾಗಕ್ಕೇ ಬಂದಿದ್ದೇವೆ ಎಂದು ಮೊದಲೇ ಗೊತ್ತಾಗಬೇಕು.

ಅಂಕಿ ನೋಡಿ ರೋಗ ಹಿಡಿಯುವುದು

ಚಾನೆಲ್ ನಡೆಸುವವರಿಗೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎರಡು ಅಂಕಿಗಳು ಕಾಣುತ್ತವೆ. ಥಂಬ್‌ನೇಲ್ ಅರ್ಧಕ್ಕಿಂತ ಕಡಿಮೆಯಾಗದಂತೆ ಪರದೆಯಲ್ಲಿದ್ದು, ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಕಂಡರೆ ಅದನ್ನು ಒಂದು ಇಂಪ್ರೆಶನ್ ಎಂದು ಎಣಿಸುತ್ತಾರೆ. ಹಾಗೆ ಕಂಡ ನೂರರಲ್ಲಿ ಎಷ್ಟು ಸಲ ವೀಕ್ಷಕರು ಒತ್ತಿದರು ಎಂಬುದು ಮೊದಲ ಅಂಕಿ. ಯೂಟ್ಯೂಬಿನದೇ ಲೆಕ್ಕದ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳಿಗೆ ಇದು ಶೇಕಡ 2ರಿಂದ 10ರ ನಡುವೆ ಇರುತ್ತದೆ. ಎರಡನೆಯದು, ಒತ್ತಿದವರು ಎಷ್ಟು ಹೊತ್ತು ಉಳಿದರು ಎಂದು ತೋರಿಸುವ ಗೆರೆ.

ಎರಡನ್ನೂ ಜೊತೆಗಿಟ್ಟು ಓದಬೇಕು. ಒತ್ತಿದವರು ಕಡಿಮೆ, ಆದರೆ ಒತ್ತಿದವರೆಲ್ಲ ಕೊನೆಯವರೆಗೆ ಉಳಿದಿದ್ದಾರೆ ಎಂದರೆ ವಿಡಿಯೊ ಚೆನ್ನಾಗಿದೆ, ಹೊರಗಿನ ಮಾತು ಸೋತಿದೆ. ಪುನರುಕ್ತಿಯ ಲಕ್ಷಣ ಸಾಮಾನ್ಯವಾಗಿ ಇದೇ. ಹೆಸರು ಹುಡುಕಿಕೊಂಡು ಬಂದವರು ಮಾತ್ರ ಒತ್ತಿರುತ್ತಾರೆ, ಮುಖಪುಟದಲ್ಲಿ ಸುಮ್ಮನೆ ಸರಿಸುತ್ತಿದ್ದವರು ನಿಂತಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಒತ್ತಿದವರು ಬಹಳ, ಗೆರೆ ಮೊದಲ ಅರ್ಧ ನಿಮಿಷದಲ್ಲೇ ಕಡಿದಾಗಿ ಇಳಿದಿದೆ ಎಂದರೆ ಹೊರಗೆ ಹೇಳಿದ್ದು ಒಳಗೆ ಸಿಕ್ಕಿಲ್ಲ. ವಿಡಿಯೊ ಹೆಚ್ಚು ಹೆಚ್ಚು ಅಪರಿಚಿತರಿಗೆ ತಲುಪಿದಂತೆ ಮೊದಲ ಅಂಕಿ ತಾನಾಗಿ ಇಳಿಯುತ್ತದೆ ಎಂಬುದು ನೆನಪಿರಲಿ. ಮೊದಲ ದಿನ 9 ಇದ್ದದ್ದು ತಿಂಗಳ ಕೊನೆಗೆ 4 ಆದರೆ ಥಂಬ್‌ನೇಲ್ ಕೆಟ್ಟಿತು ಎಂದರ್ಥವಲ್ಲ.

ಒಂದೇ ವಿಡಿಯೊಗೆ ಮೂರರವರೆಗೆ ಥಂಬ್‌ನೇಲ್ ಹಾಕಿ, ವೀಕ್ಷಕರನ್ನು ಹಂಚಿ ಹೋಲಿಸುವ ಸೌಲಭ್ಯವನ್ನು ಯೂಟ್ಯೂಬ್ 2024ರಲ್ಲಿ ವ್ಯಾಪಕವಾಗಿ ತೆರೆಯಿತು. ಶೀರ್ಷಿಕೆಗೂ ಅದನ್ನು ವಿಸ್ತರಿಸುವುದಾಗಿ 2025ರಲ್ಲಿ ಹೇಳಿತು. ಥಂಬ್‌ನೇಲ್ ಹೋಲಿಕೆಯಲ್ಲಿ ಗೆದ್ದದ್ದು ಯಾವುದು ಎಂದು ತೀರ್ಮಾನಿಸುವುದು ಒತ್ತಿದವರ ಸಂಖ್ಯೆಯಿಂದಲ್ಲ, ಯಾವ ಚಿತ್ರ ಹೆಚ್ಚು ಹೊತ್ತಿನ ವೀಕ್ಷಣೆ ತಂದಿತು ಎಂಬುದರಿಂದ. ಚಿಕ್ಕ ಚಾನೆಲ್‌ಗಳಿಗೆ ನೋಡುವವರು ಕಡಿಮೆಯಾದ್ದರಿಂದ ಎರಡು ವಾರ ಕಳೆದರೂ ತೀರ್ಪು ಬಾರದಿರಬಹುದು. ಅಂಥವರಿಗೆ ಮುಚ್ಚಿ ಓದುವ ಪರೀಕ್ಷೆಯೂ, ವಿಷಯ ಗೊತ್ತಿಲ್ಲದ ಮನೆಮಂದಿಗೆ ಫೋನು ತೋರಿಸಿ ‘ಇದರಲ್ಲಿ ಏನಿದೆ ಅನಿಸುತ್ತೆ?’ ಎಂದು ಕೇಳುವುದೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಥಂಬ್‌ನೇಲ್ ಮತ್ತು ಶೀರ್ಷಿಕೆಯನ್ನು ವಿಡಿಯೊ ಪ್ರಕಟವಾದ ಮೇಲೂ ಬದಲಿಸಬಹುದು. ವಿಡಿಯೊದ ಕೊಂಡಿ, ವೀಕ್ಷಣೆಯ ಸಂಖ್ಯೆ, ಕಾಮೆಂಟು ಎಲ್ಲ ಹಾಗೇ ಉಳಿಯುತ್ತವೆ. ವೆರಿಟಾಸಿಯಂ ಎಂಬ ವಿಜ್ಞಾನ ಚಾನೆಲ್ಲಿನ ಡೆರೆಕ್ ಮುಲ್ಲರ್ ಪ್ರಕಟಿಸಿದ ಮೇಲೂ ತಾವು ಹೀಗೆ ಬದಲಿಸುತ್ತಾ ಹೋಗುವುದನ್ನು 2021ರ ಒಂದು ವಿಡಿಯೊದಲ್ಲಿ ಉದಾಹರಣೆ ಸಮೇತ ವಿವರಿಸಿದ್ದಾರೆ. ಬೋರ್ಡೋ ದ್ರಾವಣದಂಥ ವಿಷಯಕ್ಕೆ ಇದು ಹೇಳಿಮಾಡಿಸಿದ್ದು, ಏಕೆಂದರೆ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಹಳೆಯ ವಿಡಿಯೊ ತೆಗೆದು ನೋಡಿ, ಎರಡು ಕಡೆ ಒಂದೇ ಸಾಲು ಇದ್ದರೆ ಮೊದಲು ಥಂಬ್‌ನೇಲ್ ಮೇಲಿನ ಪದಗಳನ್ನು ಮಾತ್ರ ಬದಲಿಸಿ. ಒಂದೆರಡು ವಾರ ಅಂಕಿ ನೋಡಿ, ಬೇಕೆನಿಸಿದರೆ ಆಮೇಲೆ ಶೀರ್ಷಿಕೆಯನ್ನು ಮುಟ್ಟಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವ್ಯತ್ಯಾಸವಾಯಿತು ಎಂಬುದು ಗೊತ್ತಾಗುವುದಿಲ್ಲ.